ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಐಗನ್‌ವೆಕ್ಟರ್ ಅತಿ ಹೆಚ್ಚು ಹರವಿನ ದಿಕ್ಕನ್ನೇ ಏಕೆ ಹಿಡಿಯುತ್ತದೆ: ಐದು ಎಲೆಗಳ ಲೆಕ್ಕ

ದತ್ತಾಂಶದಲ್ಲಿ ಅತಿ ಹೆಚ್ಚು ವೇರಿಯನ್ಸ್ ಇರುವ ದಿಕ್ಕು ಬೇಕಾದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಕಟ್ಟಿ, ಅದರ ಐಗನ್‌ವೆಕ್ಟರ್‌ಗಳನ್ನು ಹುಡುಕಿ, ದೊಡ್ಡ ಐಗನ್ ಮೌಲ್ಯದ ಜೊತೆಗಿರುವ ವೆಕ್ಟರನ್ನು ಆರಿಸಿಕೊಳ್ಳಬೇಕು. ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಅಂದರೆ ಪಿಸಿಎ, ಕಲಿತವರೆಲ್ಲರಿಗೂ ಈ ಕ್ರಮ ಬಾಯಿಪಾಠವಾಗಿರುತ್ತದೆ. ಕಾರಣ ಕೇಳಿದರೆ ಮಾತ್ರ ಹೆಚ್ಚಿನವರು ಲಗ್ರಾಂಜ್ ಗುಣಕದ ಎರಡು ಸಾಲು ಬರೆದು ನಿಲ್ಲಿಸುತ್ತಾರೆ. ಆ ಎರಡು ಸಾಲುಗಳಲ್ಲಿ ತಪ್ಪೇನೂ ಇಲ್ಲ, ಆದರೆ ಅವುಗಳಿಂದ ಕಾರಣ ಕಣ್ಣಿಗೆ ಕಾಣುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದು ಚಿಕ್ಕ ಉದಾಹರಣೆಯನ್ನು ಹಿಡಿದು, ಕಾಗದದ ಮೇಲೆಯೇ ಮಾಡಬಹುದಾದ ಲೆಕ್ಕದಿಂದ ಆ ಕಾರಣದವರೆಗೆ ಹೋಗೋಣ. ಅನಂತರ ಅದೇ ಉದಾಹರಣೆಯಲ್ಲಿ ಈ ವಿಧಾನ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನೂ ನೋಡೋಣ.

ಓದುಗರಿಗೆ ಮ್ಯಾಟ್ರಿಕ್ಸ್ ಮತ್ತು ವೆಕ್ಟರ್‌ಗಳ ಗುಣಾಕಾರ ಗೊತ್ತಿದ್ದರೆ ಸಾಕು. ವೇರಿಯನ್ಸ್ ಎಂದರೆ ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿಸಿ, ಅವುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿದಾಗ ಸಿಗುವ ಬೆಲೆ ಎಂಬುದು ನೆನಪಿನಲ್ಲಿರಲಿ.

ಹೆಜ್ಜೆ 1: ಸರಾಸರಿಯನ್ನು ಮೂಲಬಿಂದುವಿಗೆ ತನ್ನಿ

ಒಂದು ಗಿಡದ ಐದು ಎಲೆಗಳ ಉದ್ದ ಮತ್ತು ಅಗಲವನ್ನು ಸೆಂಟಿಮೀಟರ್‌ಗಳಲ್ಲಿ ಅಳೆದಿದ್ದೇವೆ ಎಂದುಕೊಳ್ಳಿ. ಅಳತೆಗಳು ಹೀಗಿವೆ: (7, 4), (9, 2), (10, 4), (11, 4), (13, 6). ಲೆಕ್ಕ ಸಲೀಸಾಗಲಿ ಎಂದು ನಾನೇ ಆರಿಸಿದ ಅಂಕಿಗಳಿವು. ಉದ್ದದ ಸರಾಸರಿ 10, ಅಗಲದ ಸರಾಸರಿ 4. ಪ್ರತಿ ಎಲೆಯಿಂದಲೂ ಈ ಸರಾಸರಿಯನ್ನು ಕಳೆದರೆ ಐದು ಬಿಂದುಗಳು (−3, 0), (−1, −2), (0, 0), (1, 0), (3, 2) ಆಗುತ್ತವೆ. ಬಿಂದುಗಳ ಗುಂಪು ಹಾಗೆಯೇ ಜರುಗಿ ಅದರ ನಡುಭಾಗ ಮೂಲಬಿಂದುವಿಗೆ ಬಂದು ಕೂತಿದೆ. ಅದರ ಆಕಾರವಾಗಲಿ, ಓರೆಯಾಗಲಿ ಬದಲಾಗಿಲ್ಲ.

ಹೆಜ್ಜೆ 2: ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಕಟ್ಟಿ

ಉದ್ದಗಳ ವರ್ಗಗಳ ಮೊತ್ತ 9 + 1 + 0 + 1 + 9 = 20. ಅಗಲಗಳ ವರ್ಗಗಳ ಮೊತ್ತ 0 + 4 + 0 + 0 + 4 = 8. ಉದ್ದ ಮತ್ತು ಅಗಲಗಳ ಗುಣಲಬ್ಧಗಳ ಮೊತ್ತ 0 + 2 + 0 + 0 + 6 = 8. ಐದು ಎಲೆಗಳಿರುವುದರಿಂದ ಎಲ್ಲವನ್ನೂ 4ರಿಂದ ಭಾಗಿಸಬೇಕು:

```
C = | 5  2 |
    | 2  2 |
```

ಉದ್ದದ ವೇರಿಯನ್ಸ್ 5, ಅಗಲದ ವೇರಿಯನ್ಸ್ 2, ಎರಡರ ನಡುವಿನ ಕೋವೇರಿಯನ್ಸ್ 2. ಮೂಲೆಯಿಂದ ಮೂಲೆಗೆ ಹೋಗುವ ಕರ್ಣದ ಎರಡೂ ಬದಿಯಲ್ಲಿ ಒಂದೇ ಸಂಖ್ಯೆ ಇದೆ ಎಂಬುದನ್ನು ಗಮನಿಸಿ. ಉದ್ದಕ್ಕೂ ಅಗಲಕ್ಕೂ ಇರುವ ಕೋವೇರಿಯನ್ಸ್ ಮತ್ತು ಅಗಲಕ್ಕೂ ಉದ್ದಕ್ಕೂ ಇರುವ ಕೋವೇರಿಯನ್ಸ್ ಒಂದೇ ಆಗಿರುವುದರಿಂದ ಈ ಮ್ಯಾಟ್ರಿಕ್ಸ್ ಯಾವಾಗಲೂ ಸಮಮಿತವಾಗಿರುತ್ತದೆ. ಇದು ಸಣ್ಣ ವಿಷಯದಂತೆ ಕಂಡರೂ ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಹೆಜ್ಜೆ 3: ಒಂದು ದಿಕ್ಕಿನಲ್ಲಿ ವೇರಿಯನ್ಸ್ ಎಂದರೇನು ಎಂಬುದನ್ನು ಸೂತ್ರವಾಗಿಸಿ

ಉದ್ದದ ಅಕ್ಷದಲ್ಲಿ ವೇರಿಯನ್ಸ್ 5, ಅಗಲದ ಅಕ್ಷದಲ್ಲಿ 2. ಇವೆರಡರ ನಡುವೆ ಓರೆಯಾಗಿ ಹೋಗುವ ಒಂದು ಗೆರೆಯ ಮೇಲೆ ಎಷ್ಟು? ಮೂಲಬಿಂದುವಿನ ಮೂಲಕ ಗೆರೆಯೊಂದನ್ನು ಎಳೆದು, ಪ್ರತಿ ಬಿಂದುವಿನಿಂದಲೂ ಅದಕ್ಕೆ ಲಂಬ ಇಳಿಸಿದರೆ, ಆ ಲಂಬ ಗೆರೆಯನ್ನು ಮುಟ್ಟುವ ಜಾಗವೇ ಬಿಂದುವಿನ ಪ್ರಕ್ಷೇಪ. ಗೆರೆಯ ದಿಕ್ಕನ್ನು u = (a, b) ಎಂಬ ವೆಕ್ಟರ್‌ನಿಂದ ಸೂಚಿಸಿ, ಅದರ ಉದ್ದವನ್ನು 1 ಎಂದು ಇಟ್ಟುಕೊಂಡರೆ, (x, y) ಬಿಂದುವಿನ ಪ್ರಕ್ಷೇಪ ಮೂಲಬಿಂದುವಿನಿಂದ ax + by ದೂರದಲ್ಲಿರುತ್ತದೆ. ಈ ಸಂಖ್ಯೆಯನ್ನು ಆ ದಿಕ್ಕಿನಲ್ಲಿ ಬಿಂದುವಿನ ಅಂಕ ಎನ್ನೋಣ.

ಸರಾಸರಿಯನ್ನು ಮೊದಲೇ ಕಳೆದಿರುವುದರಿಂದ ಯಾವ ದಿಕ್ಕಿನಲ್ಲೇ ಆಗಲಿ ಅಂಕಗಳ ಸರಾಸರಿ ಸೊನ್ನೆಯೇ. ಆದ್ದರಿಂದ ಅಂಕಗಳ ವೇರಿಯನ್ಸ್ ಬೇಕಾದರೆ (ax + by)² ಗಳನ್ನು ಕೂಡಿಸಿ 4ರಿಂದ ಭಾಗಿಸಿದರೆ ಸಾಕು. ಆ ವರ್ಗವನ್ನು ಬಿಡಿಸಿದಾಗ a²x² + 2abxy + b²y² ಸಿಗುತ್ತದೆ. a ಮತ್ತು b ಎಲ್ಲ ಬಿಂದುಗಳಿಗೂ ಒಂದೇ ಆಗಿರುವುದರಿಂದ ಅವನ್ನು ಮೊತ್ತದ ಹೊರಗೆ ತರಬಹುದು. ಒಳಗೆ ಉಳಿಯುವುದು ನಾವು ಆಗಲೇ ಲೆಕ್ಕ ಹಾಕಿದ ಮೂರು ಮೊತ್ತಗಳು ಮಾತ್ರ. ಹಾಗಾಗಿ,

```
u ದಿಕ್ಕಿನ ವೇರಿಯನ್ಸ್ = 5a² + 4ab + 2b² = uᵀCu
```

ಇಲ್ಲಿ ಸ್ವಲ್ಪ ನಿಲ್ಲಬೇಕು. ಐದು ಎಲೆಗಳ ಬದಲು ಐದು ಲಕ್ಷ ಎಲೆಗಳಿದ್ದರೂ, ಯಾವುದೇ ದಿಕ್ಕಿನ ವೇರಿಯನ್ಸ್ ತಿಳಿಯಲು ಮೂಲ ದತ್ತಾಂಶದ ಕಡೆಗೆ ಮತ್ತೆ ತಿರುಗಿ ನೋಡಬೇಕಾಗಿಲ್ಲ. ಎಲ್ಲ ದಿಕ್ಕುಗಳ ವೇರಿಯನ್ಸ್ ಕೂಡ C ಎಂಬ ಈ ಪುಟ್ಟ ಮ್ಯಾಟ್ರಿಕ್ಸ್‌ನಲ್ಲೇ ಅಡಗಿದೆ. ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಈ ಕಥೆಯೊಳಗೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ: ನಾವು ಅದನ್ನು ಹುಡುಕಿಕೊಂಡು ಹೋಗಲಿಲ್ಲ, ವರ್ಗವನ್ನು ಬಿಡಿಸಿದಾಗ ಅದು ತಾನಾಗಿಯೇ ಬಂತು.

u ವೆಕ್ಟರ್‌ನ ಉದ್ದ 1 ಇರಬೇಕು, ಅಂದರೆ a² + b² = 1 ಆಗಬೇಕು ಎಂಬ ಕಟ್ಟುಪಾಡು ಬಿಟ್ಟುಹೋಗದಿರಲಿ. ಅದಿಲ್ಲದಿದ್ದರೆ (10, 0) ಎಂದು ಬರೆದು ವೇರಿಯನ್ಸನ್ನು 500ಕ್ಕೆ ಏರಿಸಬಹುದು. ದಿಕ್ಕು ಮಾತ್ರ ಇದ್ದಲ್ಲೇ ಇರುತ್ತದೆ.

ಹೆಜ್ಜೆ 4: ಗೆರೆಯನ್ನು ಸ್ವಲ್ಪ ತಿರುಗಿಸಿ ನೋಡಿ

ನಿಜವಾದ ಕಾರಣ ಇರುವುದು ಈ ಹೆಜ್ಜೆಯಲ್ಲಿ. ನಾವು u ಎಂಬ ದಿಕ್ಕಿನಲ್ಲಿ ನಿಂತಿದ್ದೇವೆ, ಅದಕ್ಕೆ ಲಂಬವಾಗಿ, ಉದ್ದ 1 ಇರುವ w ಎಂಬ ಇನ್ನೊಂದು ದಿಕ್ಕಿದೆ ಎಂದುಕೊಳ್ಳಿ. u ಗೆರೆಯನ್ನು w ಕಡೆಗೆ θ ಕೋನದಷ್ಟು ತಿರುಗಿಸಿದರೆ ಹೊಸ ದಿಕ್ಕು cos θ · u + sin θ · w ಆಗುತ್ತದೆ. ಇದರ ಉದ್ದವೂ 1 ಆಗಿಯೇ ಉಳಿಯುತ್ತದೆ. ಈ ಹೊಸ ದಿಕ್ಕಿನ ವೇರಿಯನ್ಸನ್ನು ಮೇಲಿನ ಸೂತ್ರದಿಂದ ಬಿಡಿಸಿ ಬರೆದರೆ:

```
cos²θ · uᵀCu + 2 sinθ cosθ · wᵀCu + sin²θ · wᵀCw
```

ನಡುವಿನ ಪದದಲ್ಲಿ 2 ಬಂದದ್ದು C ಸಮಮಿತವಾಗಿರುವುದರಿಂದ. uᵀCw ಮತ್ತು wᵀCu ಒಂದೇ ಆದ್ದರಿಂದ ಎರಡೂ ಸೇರಿಕೊಂಡವು. ಈಗ θ ತೀರಾ ಚಿಕ್ಕದು ಎಂದಿಟ್ಟುಕೊಳ್ಳೋಣ. ಆಗ cos θ ಬಹುಮಟ್ಟಿಗೆ 1, sin θ ಬಹುಮಟ್ಟಿಗೆ θ, ಮತ್ತು θ² ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಉಳಿಯುವುದು uᵀCu + 2θ · wᵀCu ಮಾತ್ರ.

ಅಂದರೆ ಗೆರೆಯನ್ನು ಸ್ವಲ್ಪ ತಿರುಗಿಸಿದಾಗ ವೇರಿಯನ್ಸ್ ಹೆಚ್ಚುವುದೋ ಕಡಿಮೆಯಾಗುವುದೋ ಎಂಬುದನ್ನು ತೀರ್ಮಾನಿಸುವುದು wᵀCu ಎಂಬ ಒಂದೇ ಸಂಖ್ಯೆ. ಅದು ಧನವಾಗಿದ್ದರೆ w ಕಡೆಗೆ ತಿರುಗಿದಾಗ ವೇರಿಯನ್ಸ್ ಹೆಚ್ಚುತ್ತದೆ. ಋಣವಾಗಿದ್ದರೆ ವಿರುದ್ಧ ದಿಕ್ಕಿಗೆ ತಿರುಗಿದಾಗ ಹೆಚ್ಚುತ್ತದೆ. ಅದು ಸೊನ್ನೆಯಲ್ಲದಿರುವವರೆಗೆ ನಾವಿರುವ ದಿಕ್ಕು ಗರಿಷ್ಠವಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಒಂದಲ್ಲ ಒಂದು ಕಡೆಗೆ ತಿರುಗಿ ಇನ್ನಷ್ಟು ಗಳಿಸಬಹುದು.

ಹಾಗಾದರೆ ಗರಿಷ್ಠ ದಿಕ್ಕಿನಲ್ಲಿ, u ಗೆ ಲಂಬವಾಗಿರುವ ಪ್ರತಿಯೊಂದು w ಗೂ wᵀCu = 0 ಆಗಿರಲೇಬೇಕು. Cu ಎಂಬ ವೆಕ್ಟರ್‌ನಲ್ಲಿ u ಗೆ ಲಂಬವಾದ ಭಾಗ ಕಿಂಚಿತ್ತೂ ಇಲ್ಲ ಎಂದೇ ಇದರ ಅರ್ಥ. ಲಂಬ ಭಾಗವಿಲ್ಲದ ವೆಕ್ಟರ್ u ಗೆರೆಯ ಮೇಲೆಯೇ ಬೀಳಬೇಕಾಗುವುದರಿಂದ, ಯಾವುದೋ ಒಂದು ಸಂಖ್ಯೆ λ ಗೆ Cu = λu ಆಗುತ್ತದೆ. ಐಗನ್‌ವೆಕ್ಟರ್‌ನ ವ್ಯಾಖ್ಯೆಯೇ ಇದು. ಜೊತೆಗೆ, ಆ ದಿಕ್ಕಿನ ವೇರಿಯನ್ಸ್ uᵀCu = λuᵀu = λ. ಐಗನ್ ಮೌಲ್ಯವೇ ಆ ದಿಕ್ಕಿನ ವೇರಿಯನ್ಸ್.

ನಮ್ಮ ಎಲೆಗಳ ಮೇಲೆ ಇದನ್ನು ಪ್ರಯೋಗಿಸೋಣ. ಉದ್ದದ ಅಕ್ಷದಿಂದ, ಅಂದರೆ u = (1, 0) ಇಂದ ಪ್ರಾರಂಭಿಸಿದರೆ Cu = (5, 2). ಇದರ ಲಂಬ ಭಾಗ 2. ಅದು ಸೊನ್ನೆಯಲ್ಲ, ಆದ್ದರಿಂದ ಉದ್ದದ ಅಕ್ಷ ಗರಿಷ್ಠವಲ್ಲ. ಅಗಲದ ಕಡೆಗೆ ಒಂದೇ ಒಂದು ಡಿಗ್ರಿ ತಿರುಗಿಸಿದರೆ, ರೇಡಿಯನ್‌ನಲ್ಲಿ ಅದು ಸುಮಾರು 0.0175 ಆಗುವುದರಿಂದ, ವೇರಿಯನ್ಸ್ 2 × 0.0175 × 2 ಅಂದರೆ ಸುಮಾರು 0.07 ಹೆಚ್ಚಿ 5.07 ಆಗುತ್ತದೆ. ಪೂರ್ಣ ಸೂತ್ರದಿಂದ ಲೆಕ್ಕ ಹಾಕಿದಾಗ 10 ಡಿಗ್ರಿಗೆ 5.59, 20 ಡಿಗ್ರಿಗೆ 5.93, 30 ಡಿಗ್ರಿಗೆ 5.98, 45 ಡಿಗ್ರಿಗೆ 5.5 ಸಿಗುತ್ತದೆ. ಏರಿಕೆ 20 ಮತ್ತು 30ರ ನಡುವೆ ಎಲ್ಲೋ ನಿಂತು ಇಳಿಕೆ ಶುರುವಾಗಿದೆ.

ಆ ಜಾಗ (2, 1) ದಿಕ್ಕು. C ಅನ್ನು (2, 1) ಇಂದ ಗುಣಿಸಿ ನೋಡಿ: 5×2 + 2×1 = 12, 2×2 + 2×1 = 6. ಸಿಕ್ಕಿದ್ದು (12, 6), ಅಂದರೆ (2, 1) ರ ಆರು ಪಟ್ಟು. ಲಂಬ ಭಾಗ ಪೂರ್ತಿ ಮಾಯವಾಗಿದೆ. ಈ ದಿಕ್ಕು ಉದ್ದದ ಅಕ್ಷದೊಂದಿಗೆ ಸುಮಾರು 26.6 ಡಿಗ್ರಿ ಕೋನ ಮಾಡುತ್ತದೆ, ಅಲ್ಲಿನ ವೇರಿಯನ್ಸ್ 6.

ಸೂತ್ರವನ್ನು ನಂಬದೆ ನೇರವಾಗಿಯೂ ಪರೀಕ್ಷಿಸಬಹುದು. (2, 1) ರ ಉದ್ದ √5 ಆದ್ದರಿಂದ ಪ್ರತಿ ಎಲೆಯ ಅಂಕ (2x + y)/√5. ಐದು ಎಲೆಗಳಿಗೆ 2x + y ಕ್ರಮವಾಗಿ −6, −4, 0, 2, 8. ವರ್ಗಗಳ ಮೊತ್ತ 36 + 16 + 0 + 4 + 64 = 120. ಇದನ್ನು 5ರಿಂದ ಭಾಗಿಸಿದರೆ 24, ಅದನ್ನು 4ರಿಂದ ಭಾಗಿಸಿದರೆ 6.

wᵀCu ಎಂಬ ಆ ಸಂಖ್ಯೆಗೆ ಇನ್ನೊಂದು ಅರ್ಥವೂ ಇದೆ: u ದಿಕ್ಕಿನ ಅಂಕಗಳಿಗೂ w ದಿಕ್ಕಿನ ಅಂಕಗಳಿಗೂ ನಡುವಿನ ಕೋವೇರಿಯನ್ಸೇ ಅದು. ಹಾಗಾಗಿ ಗರಿಷ್ಠ ದಿಕ್ಕಿನಲ್ಲಿ ಅದು ಸೊನ್ನೆಯಾಗುವುದು ಎಂದರೆ, ಆ ದಿಕ್ಕಿನ ಅಂಕಗಳಿಗೂ ಅದರ ಲಂಬ ದಿಕ್ಕಿನ ಅಂಕಗಳಿಗೂ ಪರಸ್ಪರ ಸಂಬಂಧ ಉಳಿದಿಲ್ಲ ಎಂದರ್ಥ. (2, 1) ಗೆ ಲಂಬವಾದ ದಿಕ್ಕು (1, −2). ಅಲ್ಲಿ x − 2y ಕ್ರಮವಾಗಿ −3, 3, 0, 1, −1. ಎರಡು ಸಾಲುಗಳನ್ನು ಒಂದಕ್ಕೊಂದು ಗುಣಿಸಿ ಕೂಡಿಸಿದರೆ 18 − 12 + 0 + 2 − 8 = 0. ಪಿಸಿಎಯ ಅಂಕಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರುತ್ತವೆ ಎಂಬುದನ್ನು ಪಠ್ಯಗಳಲ್ಲಿ ಬೇರೆಯೇ ಗುಣವೆಂಬಂತೆ ಹೇಳುವುದುಂಟು; ನನ್ನ ದೃಷ್ಟಿಯಲ್ಲಿ ಗರಿಷ್ಠ ವೇರಿಯನ್ಸ್ ಮತ್ತು ಸಂಬಂಧವಿಲ್ಲದಿರುವಿಕೆ ಎರಡೂ ಒಂದೇ ಸಮೀಕರಣದ ಎರಡು ಓದುಗಳು.

ಹೆಜ್ಜೆ 5: ಯಾವ ಐಗನ್‌ವೆಕ್ಟರ್ ಎಂಬುದನ್ನು ಇತ್ಯರ್ಥಗೊಳಿಸಿ

ಮೇಲಿನ ವಾದದಲ್ಲಿ ಒಂದು ಕೊರತೆ ಇದೆ. ತಿರುಗಿಸಿದಾಗ ವೇರಿಯನ್ಸ್ ಬದಲಾಗದಿರುವುದು ಗರಿಷ್ಠದಲ್ಲಿ ಮಾತ್ರವಲ್ಲ, ಕನಿಷ್ಠದಲ್ಲೂ ಹಾಗೆಯೇ. (1, −2) ಕೂಡ ಐಗನ್‌ವೆಕ್ಟರೇ: C ಇಂದ ಗುಣಿಸಿದಾಗ ಅದು ಇದ್ದ ಹಾಗೆಯೇ ಹಿಂದಿರುಗುತ್ತದೆ, ಅದರ ಐಗನ್ ಮೌಲ್ಯ 1. ಆದ್ದರಿಂದ ಅತಿ ದೊಡ್ಡ ಐಗನ್ ಮೌಲ್ಯದ ವೆಕ್ಟರನ್ನು ಮೀರಿಸುವ ದಿಕ್ಕು ಬೇರೆಲ್ಲೂ ಇಲ್ಲ ಎಂಬುದನ್ನು ಪ್ರತ್ಯೇಕವಾಗಿ ತೋರಿಸಬೇಕು.

ಸಮಮಿತ ಮ್ಯಾಟ್ರಿಕ್ಸ್‌ಗಳ ಬಗೆಗಿನ ಸ್ಪೆಕ್ಟ್ರಲ್ ಪ್ರಮೇಯ ಇಲ್ಲಿ ನೆರವಿಗೆ ಬರುತ್ತದೆ. ಅಂಥ ಮ್ಯಾಟ್ರಿಕ್ಸ್‌ಗೆ, ಎಷ್ಟು ಆಯಾಮಗಳಿವೆಯೋ ಅಷ್ಟೇ ಸಂಖ್ಯೆಯ, ಪರಸ್ಪರ ಲಂಬವಾದ ಐಗನ್‌ವೆಕ್ಟರ್‌ಗಳನ್ನು ಯಾವಾಗಲೂ ಆರಿಸಬಹುದು ಎಂದು ಅದು ಹೇಳುತ್ತದೆ. ಹಾಗಾಗಿ ಅವುಗಳನ್ನೇ ಹೊಸ ಅಕ್ಷಗಳಾಗಿ ಇಟ್ಟುಕೊಂಡು ಯಾವುದೇ u ಅನ್ನು c₁, c₂ ಮುಂತಾದ ಘಟಕಗಳಾಗಿ ಬರೆಯಬಹುದು. ಆ ಅಕ್ಷಗಳಲ್ಲಿ ಅಡ್ಡ ಪದಗಳೆಲ್ಲ ಮಾಯವಾಗಿ, ವೇರಿಯನ್ಸ್ ಬರೇ λ₁c₁² + λ₂c₂² + … ಎಂದಾಗುತ್ತದೆ. u ವಿನ ಉದ್ದ 1 ಆದ್ದರಿಂದ c₁², c₂² ಎಲ್ಲವೂ ಸೇರಿ 1 ಆಗುತ್ತವೆ, ಮತ್ತು ಯಾವುದೂ ಋಣವಲ್ಲ. ಅಂದರೆ ಯಾವುದೇ ದಿಕ್ಕಿನ ವೇರಿಯನ್ಸ್ ಐಗನ್ ಮೌಲ್ಯಗಳ ತೂಕಸಹಿತ ಸರಾಸರಿ. ಸರಾಸರಿ ಎಂದಿಗೂ ಅತಿ ದೊಡ್ಡದನ್ನು ಮೀರುವುದಿಲ್ಲ, ಅತಿ ಚಿಕ್ಕದಕ್ಕಿಂತ ಕೆಳಗಿಳಿಯುವುದೂ ಇಲ್ಲ.

ಎಲೆಗಳ ಲೆಕ್ಕದಲ್ಲಿ ಉದ್ದದ ಅಕ್ಷಕ್ಕೆ c₁² = 4/5, c₂² = 1/5. ತೂಕಸಹಿತ ಸರಾಸರಿ 6 × 4/5 + 1 × 1/5 = 5, ನಮಗೆ ಮೊದಲೇ ಗೊತ್ತಿದ್ದ ಉದ್ದದ ವೇರಿಯನ್ಸ್. ಅಗಲದ ಅಕ್ಷಕ್ಕೆ ತೂಕಗಳು ಅದಲುಬದಲಾಗಿ 2 ಸಿಗುತ್ತದೆ. 6ಕ್ಕಿಂತ ಹೆಚ್ಚು ಸಿಗಬೇಕಾದರೆ 6 ಮತ್ತು 1ರ ಸರಾಸರಿ 6ನ್ನು ದಾಟಬೇಕು, ಅದು ಆಗದ ಮಾತು.

ಮೂರು ಅಥವಾ ಹೆಚ್ಚು ಅಳತೆಗಳಿದ್ದಾಗ ಎರಡನೆಯ ದಿಕ್ಕು ಹೇಗೆ ಸಿಗುತ್ತದೆ ಎಂಬುದೂ ಇದರಿಂದಲೇ ಹೊರಡುತ್ತದೆ. ಮೊದಲ ಐಗನ್‌ವೆಕ್ಟರ್‌ಗೆ ಲಂಬವಾಗಿರಬೇಕು ಎಂದರೆ c₁ ಸೊನ್ನೆಯಾಗಬೇಕು. ಉಳಿದವುಗಳ ಸರಾಸರಿ λ₂ ಅನ್ನು ಮೀರುವುದಿಲ್ಲ. ಆದ್ದರಿಂದ ಉಳಿದ ದಿಕ್ಕುಗಳಲ್ಲಿ ಅತ್ಯುತ್ತಮವಾದದ್ದು ಎರಡನೆಯ ಐಗನ್‌ವೆಕ್ಟರ್. ಒಟ್ಟು ವೇರಿಯನ್ಸ್ 5 + 2 = 7 ಹೊಸ ಅಕ್ಷಗಳಲ್ಲೂ 6 + 1 = 7 ಆಗಿಯೇ ಉಳಿದಿರುವುದರಿಂದ, ಮೊದಲ ದಿಕ್ಕು ಒಟ್ಟಿನ ಏಳರಲ್ಲಿ ಆರು ಭಾಗವನ್ನು, ಅಂದರೆ ಸುಮಾರು ಶೇ. 86ರಷ್ಟನ್ನು ಹಿಡಿದಿದೆ.

ಕಾರ್ಲ್ ಪಿಯರ್ಸನ್ 1901ರಲ್ಲಿ ಇದೇ ಗೆರೆಗೆ ಇನ್ನೊಂದು ಬಾಗಿಲಿನಿಂದ ಬಂದಿದ್ದರು: ಬಿಂದುಗಳಿಂದ ಗೆರೆಗೆ ಇಳಿಸಿದ ಲಂಬಗಳ ವರ್ಗಗಳ ಮೊತ್ತ ಕನಿಷ್ಠವಾಗಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಪೈಥಾಗೊರಸ್ ಪ್ರಮೇಯದಂತೆ ಮೂಲಬಿಂದುವಿನಿಂದ ಬಿಂದುವಿಗಿರುವ ದೂರದ ವರ್ಗವು ಅಂಕದ ವರ್ಗ ಮತ್ತು ಲಂಬದ ವರ್ಗಗಳ ಮೊತ್ತ. ಆ ದೂರ ಸ್ಥಿರವಾಗಿರುವುದರಿಂದ ಒಂದನ್ನು ಕನಿಷ್ಠಗೊಳಿಸಿದರೆ ಇನ್ನೊಂದು ಗರಿಷ್ಠವಾಗುತ್ತದೆ. ಇದನ್ನು ರಿಗ್ರೆಶನ್ ಗೆರೆಯೊಂದಿಗೆ ಕಲಸಿಕೊಳ್ಳಬಾರದು. ಉದ್ದದಿಂದ ಅಗಲವನ್ನು ಊಹಿಸುವ ರಿಗ್ರೆಶನ್ ಗೆರೆಯ ಇಳಿಜಾರು 2/5 = 0.4, ಏಕೆಂದರೆ ಅದು ಅಗಲದ ಅಕ್ಷಕ್ಕೆ ಸಮಾನಾಂತರವಾದ ಅಂತರಗಳನ್ನು ಮಾತ್ರ ನೋಡುತ್ತದೆ. ನಮ್ಮ ಗೆರೆಯ ಇಳಿಜಾರು 0.5.

ಹೆಜ್ಜೆ 6: ಕಂಪ್ಯೂಟರ್‌ನಲ್ಲಿ ಮಾಡಿ, ಫಲಿತಾಂಶವನ್ನು ತಾಳೆ ನೋಡಿ

```python
import numpy as np
X = np.array([[7,4],[9,2],[10,4],[11,4],[13,6]], float)
Xc = X - X.mean(axis=0)
C = Xc.T @ Xc / (len(X) - 1)
vals, vecs = np.linalg.eigh(C)
u = vecs[:, -1]
print(vals, u, (Xc @ u).var(ddof=1))
```

`eigh` ಸಮಮಿತ ಮ್ಯಾಟ್ರಿಕ್ಸ್‌ಗಳಿಗೆಂದೇ ಇರುವ ಫಂಕ್ಷನ್. ಅದು ಐಗನ್ ಮೌಲ್ಯಗಳನ್ನು ಏರಿಕೆಯ ಕ್ರಮದಲ್ಲಿ ಕೊಡುತ್ತದೆ, ಆದ್ದರಿಂದ ನಮಗೆ ಬೇಕಾದದ್ದು ಕೊನೆಯದು. ವೆಕ್ಟರ್‌ಗಳು ಕಂಬಸಾಲುಗಳಲ್ಲಿರುತ್ತವೆ, ಅಡ್ಡಸಾಲುಗಳಲ್ಲಲ್ಲ. ಈ ಎರಡು ಕಡೆ ಎಡವಿದ ಪ್ರೋಗ್ರಾಮ್ ಯಾವ ದೋಷಸೂಚನೆಯನ್ನೂ ಕೊಡದೆ ಬೇರೆ ದಿಕ್ಕನ್ನು ಕೈಗಿಡಬಹುದು. ಕೊನೆಯ ಸಾಲಿನಲ್ಲಿ ಅಂಕಗಳ ವೇರಿಯನ್ಸನ್ನು ಬೇರೆಯಾಗಿ ಲೆಕ್ಕ ಹಾಕಿರುವುದು ಇದನ್ನು ಹಿಡಿಯುವುದಕ್ಕಾಗಿಯೇ: ಅದು `vals` ನ ಕೊನೆಯ ಸಂಖ್ಯೆಯಾದ 6ಕ್ಕೆ ಸರಿಹೊಂದದಿದ್ದರೆ ಎಲ್ಲೋ ತಪ್ಪಿದೆ. `u` ಸುಮಾರು (0.894, 0.447) ಆಗಿರಬಹುದು, ಎರಡೂ ಋಣ ಚಿಹ್ನೆಯೊಂದಿಗೆ ಬರಲೂಬಹುದು. ಗೆರೆ ಒಂದೇ, ಬಾಣದ ಮುಖ ಮಾತ್ರ ಬೇರೆ. ಚಿಹ್ನೆಗೆ ಅರ್ಥ ಹಚ್ಚಲು ಹೋಗಬೇಡಿ.

ಎಲ್ಲಿ ದಾರಿ ತಪ್ಪುತ್ತದೆ

ಸರಾಸರಿಯನ್ನು ಕಳೆಯಲು ಮರೆತರೆ ಏನಾಗುತ್ತದೆ ಎಂದು ಮೊದಲು ನೋಡೋಣ. ಮೂಲ ಅಳತೆಗಳಿಂದಲೇ ಮೊತ್ತಗಳನ್ನು ಮಾಡಿ 4ರಿಂದ ಭಾಗಿಸಿದರೆ 5, 2, 2 ಇದ್ದ ಜಾಗದಲ್ಲಿ 130, 52, 22 ಬರುತ್ತವೆ. ಇದರ ದೊಡ್ಡ ಐಗನ್ ಮೌಲ್ಯ ಸುಮಾರು 151, ಮತ್ತು ಅದು ಒಟ್ಟಿನ ಶೇ. 99ಕ್ಕಿಂತ ಹೆಚ್ಚು ಭಾಗವನ್ನು ಹಿಡಿದಂತೆ ತೋರುತ್ತದೆ. ಆದರೆ ಅದರ ದಿಕ್ಕಿನ ಇಳಿಜಾರು ಸುಮಾರು 0.403. ಮೂಲಬಿಂದುವಿನಿಂದ ಸರಾಸರಿ ಎಲೆಗೆ, ಅಂದರೆ (10, 4) ಕ್ಕೆ ಎಳೆದ ಗೆರೆಯ ಇಳಿಜಾರು 0.4. ಆ ವೆಕ್ಟರ್ ಎಲೆಗಳ ಹರವನ್ನು ತೋರಿಸುತ್ತಿಲ್ಲ, ಎಲೆಗಳ ಗುಂಪು ಎಲ್ಲಿದೆ ಎಂಬುದನ್ನು ತೋರಿಸುತ್ತಿದೆ. ಇದನ್ನು ಗುರುತಿಸುವುದು ಸುಲಭ: ಮೊದಲ ದಿಕ್ಕು ಅನುಮಾನ ಬರುವಷ್ಟು ಹೆಚ್ಚು ಪಾಲನ್ನು ಹಿಡಿದಿರುತ್ತದೆ, ಅದರ ಮೇಲಿನ ಅಂಕಗಳೆಲ್ಲ ಒಂದೇ ಚಿಹ್ನೆಯವಾಗಿರುತ್ತವೆ.

ಎರಡನೆಯ ತೊಡಕು ಅಳತೆಯ ಮಾನದ್ದು. ಉದ್ದವನ್ನು ಸೆಂಟಿಮೀಟರ್‌ನಲ್ಲೇ ಬಿಟ್ಟು ಅಗಲವನ್ನು ಮಾತ್ರ ಮಿಲಿಮೀಟರ್‌ನಲ್ಲಿ ಬರೆದರೆ ಅಗಲದ ವೇರಿಯನ್ಸ್ 200, ಕೋವೇರಿಯನ್ಸ್ 20 ಆಗುತ್ತದೆ. ಆಗ ಮೊದಲ ಐಗನ್‌ವೆಕ್ಟರ್‌ನ ಇಳಿಜಾರು ಸುಮಾರು 9.85. ಇದು ಹಳೆಯ ದಿಕ್ಕನ್ನೇ ಬೇರೆ ಮಾನದಲ್ಲಿ ಹೇಳಿದಂತೆ ಎಂದು ಯಾರಾದರೂ ಅಂದುಕೊಳ್ಳಬಹುದು. ಹಾಗಲ್ಲ. ಇದನ್ನು ಸೆಂಟಿಮೀಟರ್‌ಗೆ ಹಿಂದಿರುಗಿಸಿದರೆ ಇಳಿಜಾರು 0.985 ಆಗುತ್ತದೆಯೇ ಹೊರತು 0.5 ಅಲ್ಲ. ಎಲೆಗಳು ಅವೇ, ದಿಕ್ಕು ಮಾತ್ರ ಬೇರೆ. ಕಾರಣವೆಂದರೆ ನಾವು ಹಾಕಿಕೊಂಡ a² + b² = 1 ಎಂಬ ಕಟ್ಟುಪಾಡೇ ಒಂದು ಸೆಂಟಿಮೀಟರ್ ಉದ್ದವನ್ನೂ ಒಂದು ಮಿಲಿಮೀಟರ್ ಅಗಲವನ್ನೂ ಸಮಾನವೆಂದು ಪರಿಗಣಿಸುತ್ತದೆ.

ಇದಕ್ಕೆ ವಾಡಿಕೆಯ ಪರಿಹಾರವೆಂದರೆ ಪ್ರತಿ ಅಳತೆಯನ್ನೂ ಅದರ ಮಾನಕ ವಿಚಲನೆಯಿಂದ ಭಾಗಿಸುವುದು, ಅಂದರೆ ಕೋರಿಲೇಶನ್ ಮ್ಯಾಟ್ರಿಕ್ಸ್‌ನ ಐಗನ್‌ವೆಕ್ಟರ್‌ಗಳನ್ನು ತೆಗೆಯುವುದು. ಕಿಲೋಗ್ರಾಂ, ಸೆಕೆಂಡ್, ಡಿಗ್ರಿಗಳಂಥ ಬೇರೆ ಬೇರೆ ಮಾನಗಳು ಬೆರೆತಿರುವಲ್ಲಿ ಬೇರೆ ದಾರಿ ಇಲ್ಲ. ಆದರೆ ಕಣ್ಣುಮುಚ್ಚಿ ಹೀಗೆ ಮಾಡಬಾರದು. ಎರಡೇ ಅಳತೆಗಳಿದ್ದಾಗ ಕೋರಿಲೇಶನ್ ಮ್ಯಾಟ್ರಿಕ್ಸ್‌ನ ಐಗನ್‌ವೆಕ್ಟರ್‌ಗಳು, ಸಂಬಂಧ ಪೂರ್ತಿ ಸೊನ್ನೆಯಾಗಿರದಿದ್ದರೆ, ಯಾವ ದತ್ತಾಂಶಕ್ಕೂ 45 ಡಿಗ್ರಿಯ ಗೆರೆಗಳೇ. ನಮ್ಮ ಎಲೆಗಳಿಗೆ ಐಗನ್ ಮೌಲ್ಯಗಳು ಸುಮಾರು 1.63 ಮತ್ತು 0.37 ಎಂದು ಬರುತ್ತವೆ, ದಿಕ್ಕು ಮಾತ್ರ ಹೊಸದೇನನ್ನೂ ಹೇಳುವುದಿಲ್ಲ. ಒಂದೇ ಮಾನದಲ್ಲಿ ಅಳೆದ, ಹೋಲಿಸಲು ಅರ್ಥವಿರುವ ಉದ್ದ ಮತ್ತು ಅಗಲಗಳಿಗೆ ಕೋವೇರಿಯನ್ಸ್ ಮ್ಯಾಟ್ರಿಕ್ಸೇ ಸರಿ ಎಂದು ನನ್ನ ಅಭಿಪ್ರಾಯ.

ಮೂರನೆಯದು ಐಗನ್ ಮೌಲ್ಯಗಳು ಹತ್ತಿರ ಹತ್ತಿರ ಇರುವಾಗ ಆಗುವ ಪಾಡು. ಎರಡೂ ಸಮವಾಗಿದ್ದರೆ ಅವುಗಳ ತೂಕಸಹಿತ ಸರಾಸರಿ ಯಾವ ತೂಕಕ್ಕೂ ಒಂದೇ ಆಗಿರುತ್ತದೆ. ಎಲ್ಲ ದಿಕ್ಕುಗಳಲ್ಲೂ ವೇರಿಯನ್ಸ್ ಒಂದೇ, ಎಲ್ಲ ದಿಕ್ಕುಗಳೂ ಐಗನ್‌ವೆಕ್ಟರ್‌ಗಳೇ. ಕಂಪ್ಯೂಟರ್ ಆಗಲೂ ಎರಡು ನಿರ್ದಿಷ್ಟ ವೆಕ್ಟರ್‌ಗಳನ್ನು ಕೊಡುತ್ತದೆ, ಆದರೆ ಅವು ಅದರ ಲೆಕ್ಕದ ಕ್ರಮದಿಂದ ಬಂದವು, ದತ್ತಾಂಶದಿಂದ ಬಂದವಲ್ಲ. ಪೂರ್ತಿ ಸಮವಾಗದೆ ಸಮೀಪದಲ್ಲಿದ್ದಾಗ, ಮಾದರಿಯಲ್ಲಿ ಆಕಸ್ಮಿಕವಾಗಿ ಯಾವ ಎಲೆಗಳು ಸೇರಿಕೊಂಡವು ಎಂಬುದೇ ದಿಕ್ಕನ್ನು ನಿರ್ಧರಿಸಿಬಿಡುತ್ತದೆ.

ನಮ್ಮ ಉದಾಹರಣೆಯಲ್ಲಿ 6 ಮತ್ತು 1ರ ನಡುವೆ ಸಾಕಷ್ಟು ಅಂತರವಿದೆ, ಆದ್ದರಿಂದ ದಿಕ್ಕು ಗಟ್ಟಿಯಾಗಿದೆ ಎನ್ನಿಸುತ್ತದೆ. ಆದರೆ ವರ್ಗಗಳ ಮೊತ್ತವನ್ನು ಇನ್ನೊಮ್ಮೆ ನೋಡಿ: 120ರಲ್ಲಿ 64 ಬಂದಿರುವುದು ಒಂದೇ ಎಲೆಯಿಂದ, (13, 6) ರಿಂದ. ಅಂತರಗಳನ್ನು ವರ್ಗಿಸುವುದರಿಂದ ದೂರದ ಬಿಂದುವಿನ ಮಾತು ಅಗತ್ಯಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಆ ಒಂದು ಎಲೆಯನ್ನು ಬಿಟ್ಟು, ಉಳಿದ ನಾಲ್ಕಕ್ಕೆ ಸರಾಸರಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದರೆ ಉದ್ದದ ವೇರಿಯನ್ಸ್ 2.92, ಅಗಲದ್ದು 1, ಕೋವೇರಿಯನ್ಸ್ 0.17 ಆಗುತ್ತದೆ. ಗರಿಷ್ಠ ದಿಕ್ಕು 26.6 ಡಿಗ್ರಿಯಿಂದ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಉದ್ದದೊಂದಿಗೆ ಅಗಲವೂ ಬೆಳೆಯುತ್ತದೆ ಎಂದು ತೋರಿದ್ದು ಬಹುಪಾಲು ಆ ದೊಡ್ಡ ಎಲೆಯ ಕೆಲಸವಾಗಿತ್ತು.

ಆದ್ದರಿಂದ ಯಾವುದೇ ದತ್ತಾಂಶದಲ್ಲಿ ಮೊದಲ ಐಗನ್‌ವೆಕ್ಟರ್‌ಗೆ ಅರ್ಥ ಹೇಳುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿ. ಮೊದಲನೆಯದಾಗಿ, ಪ್ರತಿ ಬಿಂದುವಿನ ಅಂಕದ ವರ್ಗ ಒಟ್ಟು ಮೊತ್ತದಲ್ಲಿ ಎಷ್ಟು ಪಾಲು ಎಂಬುದನ್ನು ಪಟ್ಟಿ ಮಾಡಿ. ಬೆರಳೆಣಿಕೆಯ ಬಿಂದುಗಳೇ ಹೆಚ್ಚಿನ ಪಾಲು ತಿಂದಿದ್ದರೆ ಅವುಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಎರಡನೆಯದಾಗಿ, ಇರುವ ಸಾಲುಗಳಿಂದಲೇ ಅಷ್ಟೇ ಸಂಖ್ಯೆಯ ಸಾಲುಗಳನ್ನು, ಒಂದೇ ಸಾಲು ಮತ್ತೆ ಬರಲು ಅವಕಾಶವಿರುವಂತೆ, ಯಾದೃಚ್ಛಿಕವಾಗಿ ಆರಿಸಿ ದಿಕ್ಕನ್ನು ಹುಡುಕಿ. ಇದನ್ನು ಕೆಲವು ನೂರು ಸಲ ಮಾಡಿ ಪ್ರತಿ ಸಲದ ದಿಕ್ಕಿಗೂ ಮೂಲ ದಿಕ್ಕಿಗೂ ಇರುವ ಕೋನವನ್ನು ಬರೆದುಕೊಳ್ಳಿ. ಕೋನ ಲೆಕ್ಕ ಹಾಕುವಾಗ ಎರಡು ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್‌ನ ಚಿಹ್ನೆಯನ್ನು ಬಿಟ್ಟು ಬೆಲೆಯನ್ನಷ್ಟೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಬಾಣದ ಮುಖ ತಿರುಗಿದ್ದಷ್ಟಕ್ಕೇ 180 ಡಿಗ್ರಿ ವ್ಯತ್ಯಾಸ ಕಂಡು ಗಾಬರಿಯಾಗುತ್ತದೆ. ಕೋನಗಳು ಹೆಚ್ಚಿನಂಶ ಕೆಲವೇ ಡಿಗ್ರಿಗಳೊಳಗೆ ನಿಂತರೆ ಆ ದಿಕ್ಕಿನ ಬಗ್ಗೆ ಮಾತನಾಡಬಹುದು. 40, 60, 80 ಡಿಗ್ರಿಗಳವರೆಗೆ ಓಲಾಡಿದರೆ ಒಂದೊಂದೇ ಐಗನ್‌ವೆಕ್ಟರನ್ನು ಬಿಡಿಸಿ ಹೇಳುವುದನ್ನು ಬಿಟ್ಟು, ಐಗನ್ ಮೌಲ್ಯಗಳು ಹತ್ತಿರವಿರುವ ದಿಕ್ಕುಗಳು ಒಟ್ಟಾಗಿ ಹರಡಿರುವ ಸಮತಲವನ್ನೇ ಒಂದು ಘಟಕವಾಗಿ ವರದಿ ಮಾಡಿ.